ಬ್ರ್ಯಾಂಡ್‌ನ ಮರೂನ್ ಎಲ್ಲ ಚಿತ್ರಗಳಲ್ಲೂ ಒಂದೇ ಆಗಿರಬೇಕಾದರೆ

ಪ್ರಶ್ನೆ: ನಮ್ಮ ಕಾಫಿ ಪುಡಿ ಪ್ಯಾಕೆಟ್‌ನ ಮರೂನ್ ಬಣ್ಣದ ಕೋಡ್ #7A1F2B. ಪ್ರಾಂಪ್ಟ್‌ನಲ್ಲಿ ಅದನ್ನೇ ಬರೆದರೂ ಎಐ ಪ್ರತಿ ಚಿತ್ರದಲ್ಲೂ ಬೇರೆ ಬೇರೆ ಕೆಂಪು ಕೊಡುತ್ತಿದೆ. ನಲವತ್ತು ಚಿತ್ರಗಳಲ್ಲೂ ಒಂದೇ ಬಣ್ಣ ಬರಲು ಏನು ಮಾಡಬೇಕು?

ಪ್ರಾಂಪ್ಟ್‌ನಿಂದ ಸರಿಸುಮಾರು ಬಣ್ಣವನ್ನಷ್ಟೇ ಪಡೆಯಿರಿ. ನಿಖರವಾದ ಬಣ್ಣವನ್ನು ಚಿತ್ರ ಬಂದ ಮೇಲೆ ಅಳೆದು ತಿದ್ದಿ. ಸಣ್ಣ ಬ್ರ್ಯಾಂಡ್‌ಗಳಿಗೆ ಉತ್ಪನ್ನದ ಚಿತ್ರಗಳನ್ನು ಸಿದ್ಧಪಡಿಸುವ ಕೆಲಸದಲ್ಲಿ ನಾನು ಅನುಸರಿಸುವುದು ಇದೇ ಕ್ರಮವನ್ನು.

ಕೋಡ್ ಕೊಟ್ಟರೂ ಬಣ್ಣ ತಪ್ಪುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದಾಗಿ, ಪ್ರಾಂಪ್ಟ್‌ನ ಪಠ್ಯವು ಎಐ ಮಾದರಿಯನ್ನು ತಲುಪುವ ಮೊದಲೇ ತುಂಡುಗಳಾಗಿ ಒಡೆಯುತ್ತದೆ, ಮತ್ತು ಚಿತ್ರಗಳ ವಿವರಣೆಗಳನ್ನು ಓದಿ ಕಲಿತ ಮಾದರಿಗೆ ‘ಮರೂನ್’ ಎಂಬ ಪದದ ಪರಿಚಯವಿರುವಷ್ಟು ಆ ಆರು ಅಕ್ಷರಗಳ ಪರಿಚಯವಿರುವುದಿಲ್ಲ. ಕೆಲವು ಹೊಸ ಮಾದರಿಗಳು ಕೋಡ್‌ಗೆ ಹೆಚ್ಚು ಗಮನ ಕೊಡುತ್ತವೆ ಎಂಬುದು ನಿಜ. ಆದರೆ ಎರಡನೆಯ ಕಾರಣ ಅಲ್ಲಿಯೂ ಉಳಿಯುತ್ತದೆ: ಕೋಡ್ ಹೇಳುವುದು ಪ್ಯಾಕೆಟ್‌ನ ಬಣ್ಣವನ್ನು, ಚಿತ್ರದಲ್ಲಿ ಕಾಣುವುದು ಆ ಬಣ್ಣದ ಮೇಲೆ ಬಿದ್ದ ಬೆಳಕನ್ನು. ಸಂಜೆಯ ದೀಪದಡಿ ಇಟ್ಟ ಮರೂನ್ ಪ್ಯಾಕೆಟ್ ನಿಜವಾದ ಛಾಯಾಚಿತ್ರದಲ್ಲೂ #7A1F2B ಆಗಿರುವುದಿಲ್ಲ.

ಆದ್ದರಿಂದ ಮೊದಲು ಸ್ಥಿರಗೊಳಿಸಬೇಕಾದದ್ದು ಬೆಳಕನ್ನು. ನಲವತ್ತು ಪ್ರಾಂಪ್ಟ್‌ಗಳಲ್ಲೂ ಬೆಳಕಿನ ವಾಕ್ಯವನ್ನು ಒಂದಕ್ಷರವೂ ಬದಲಿಸದೆ ಇಡಿ: ಮೃದುವಾದ, ಬಣ್ಣವಿಲ್ಲದ ಬಿಳಿ ಬೆಳಕು, ಎದುರಿನಿಂದ. ಸೂರ್ಯಾಸ್ತ, ಹೊಂಬೆಳಕು, ಮಳೆಗಾಲದ ನೀಲಿ ಛಾಯೆ ಮುಂತಾದ ಪದಗಳನ್ನು ಬಿಡಿ. ಆ ಭಾವ ಬೇಕೇ ಬೇಕೆಂದರೆ ಹಿನ್ನೆಲೆಯನ್ನು ಬೇರೆಯಾಗಿ ರಚಿಸಿ, ಪ್ಯಾಕೆಟ್ ಅನ್ನು ಆಮೇಲೆ ಅದರಲ್ಲಿ ಕೂರಿಸಿ. ಚೌಕಟ್ಟಿನೊಳಗೆ ಒಂದು ಬಿಳಿ ಪಿಂಗಾಣಿ ಬಟ್ಟಲು ಇರುವಂತೆಯೂ ನಾನು ಬರೆಯುತ್ತೇನೆ. ಬಟ್ಟಲಿನ ಬಿಳಿ ಹಳದಿಗೆ ತಿರುಗಿದ್ದರೆ ಪ್ಯಾಕೆಟ್‌ನ ಬಣ್ಣವೂ ಅತ್ತ ವಾಲಿರುತ್ತದೆ ಎಂಬ ಸುಳಿವು ಕಣ್ಣಿಗೇ ಸಿಗುತ್ತದೆ. ಮಾದರಿಯು ಬೆಳಕನ್ನು ಲೆಕ್ಕ ಹಾಕಿ ಚಿತ್ರಿಸುವುದಿಲ್ಲವಾದ್ದರಿಂದ ಇದು ಸುಳಿವು ಮಾತ್ರ, ಅಳತೆಯಲ್ಲ.

ಅಳೆಯುವುದಕ್ಕೆ ಆರ್‌ಜಿಬಿ ಅಂಕಿಗಳಿಗಿಂತ ಲ್ಯಾಬ್ ಪದ್ಧತಿ ಅನುಕೂಲ. ಅದರಲ್ಲಿ ಎಲ್ ಎಂಬುದು ಬೆಳಕು–ಕತ್ತಲೆಯನ್ನು, ಎ ಎಂಬುದು ಹಸಿರು–ಕೆಂಪನ್ನು, ಬಿ ಎಂಬುದು ನೀಲಿ–ಹಳದಿಯನ್ನು ಹೇಳುತ್ತದೆ. ಹೀಗಾಗಿ ಬಣ್ಣ ಯಾವ ದಿಕ್ಕಿಗೆ ಜಾರಿದೆ ಎಂಬುದು ಓದಿದ ಕೂಡಲೇ ತಿಳಿಯುತ್ತದೆ. ಪ್ಯಾಕೆಟ್‌ನ ಮುಖದಲ್ಲಿ ಸಮವಾಗಿ ಬೆಳಕು ಬಿದ್ದ ಮರೂನ್ ಭಾಗವನ್ನಷ್ಟೇ ಮಾಸ್ಕ್ ಮಾಡಿ, ಅಂದರೆ ಆ ಭಾಗ ಬಿಳಿ, ಉಳಿದದ್ದೆಲ್ಲ ಕಪ್ಪು ಆಗಿರುವ ಅಷ್ಟೇ ಅಳತೆಯ ಇನ್ನೊಂದು ಚಿತ್ರವನ್ನು ಉಳಿಸಿಕೊಳ್ಳಿ. ಮಡಿಕೆಯ ನೆರಳು, ಅಂಚಿನ ಹೊಳಪು, ಅಕ್ಷರಗಳು ಅದರೊಳಗೆ ಬರಬಾರದು. ನಂತರ ಆ ಭಾಗದ ಮಧ್ಯಾಂಕವನ್ನು ತೆಗೆಯಿರಿ. ಸರಾಸರಿ ತೆಗೆದರೆ ನಾಲ್ಕಾರು ಹೊಳೆಯುವ ಚುಕ್ಕೆಗಳೇ ಉತ್ತರವನ್ನು ಎಳೆದುಬಿಡುತ್ತವೆ.

```python
import numpy as np
from skimage import io, color

img = io.imread("img.png")[..., :3] / 255
mask = io.imread("mask.png", as_gray=True) > 0.5
target = color.rgb2lab(np.array([[[0x7A, 0x1F, 0x2B]]]) / 255)[0, 0]
med = np.median(color.rgb2lab(img)[mask], axis=0)
print(med, color.deltaE_ciede2000(med, target))
```

ಕೊನೆಯಲ್ಲಿ ಬರುವ ಅಂಕಿ ಡೆಲ್ಟಾ ಇ, ಅಂದರೆ ಎರಡು ಬಣ್ಣಗಳ ನಡುವೆ ಕಣ್ಣಿಗೆ ತೋರುವ ಅಂತರ. ನಾನು ಇಟ್ಟುಕೊಂಡಿರುವ ಮಿತಿ 2. ಅದಕ್ಕಿಂತ ಕಡಿಮೆಯಿದ್ದರೆ ಅಕ್ಕಪಕ್ಕ ಇಟ್ಟು ಹುಡುಕುವವರಿಗೂ ವ್ಯತ್ಯಾಸ ಸುಲಭವಾಗಿ ಸಿಗುವುದಿಲ್ಲ.

ನಿಮ್ಮ ಬಣ್ಣವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. #7A1F2B ಲ್ಯಾಬ್‌ನಲ್ಲಿ ಸುಮಾರು ಎಲ್ 28, ಎ 40, ಬಿ 16. ದೀಪದ ಬೆಳಕಿನ ಒಂದು ಚಿತ್ರದಲ್ಲಿ ಮಧ್ಯಾಂಕ #8A2A1C ಬಂತು ಎಂದುಕೊಳ್ಳಿ. ಅದು ಎಲ್ 32, ಎ 40, ಬಿ 31. ಕೆಂಪು ಇದ್ದಲ್ಲೇ ಇದೆ, ಹಳದಿಯ ಕಡೆಗೆ ಮಾತ್ರ ಇಮ್ಮಡಿಯಷ್ಟು ಸರಿದಿದೆ. ಕಣ್ಣಿಗೆ ಇದು ಮರೂನ್ ಅಲ್ಲ, ಒದ್ದೆ ಇಟ್ಟಿಗೆಯ ಬಣ್ಣ.

ತಿದ್ದುವ ರೀತಿ ಹೀಗಿದೆ. ಪರದೆಯ ಆರ್‌ಜಿಬಿ ಅಂಕಿಗಳು ಬೆಳಕಿನ ಪ್ರಮಾಣಕ್ಕೆ ನೇರ ಅನುಪಾತದಲ್ಲಿ ಇರುವುದಿಲ್ಲವಾದ್ದರಿಂದ ಮೊದಲು ಗಾಮಾ ತೆಗೆದು ಅವನ್ನು ಲೀನಿಯರ್ ಮಾಡಿಕೊಳ್ಳಬೇಕು; ಅಲ್ಲಿ ಬೇಕಾದ ಬಣ್ಣವನ್ನು ಬಂದ ಬಣ್ಣದಿಂದ ಭಾಗಿಸಿ, ಪ್ರತಿ ಚಾನೆಲ್‌ಗೆ ಒಂದು ಗುಣಕವನ್ನು ಪಡೆದು, ಪ್ಯಾಕೆಟ್‌ನ ಇಡೀ ಮರೂನ್ ಭಾಗವನ್ನು ಅದರಿಂದ ಗುಣಿಸಬೇಕು. ಗುಣಿಸುವುದರಿಂದ ಕಪ್ಪು ಕಪ್ಪಾಗಿಯೇ ಉಳಿಯುತ್ತದೆ, ಮಡಿಕೆಯ ನೆರಳು ಸಹಜವಾಗಿ ಕಾಣುತ್ತದೆ. ಒಂದೇ ಬಣ್ಣವನ್ನು ಮೇಲಿನಿಂದ ತುಂಬಿದರೆ ಪ್ಯಾಕೆಟ್ ಅಂಟಿಸಿದ ಸ್ಟಿಕ್ಕರ್‌ನಂತೆ ಚಪ್ಪಟೆಯಾಗುತ್ತದೆ.

ಮೇಲಿನ ಇಟ್ಟಿಗೆ ಬಣ್ಣಕ್ಕೆ ಈ ಲೆಕ್ಕ ಹಾಕಿದರೆ ಗುಣಕಗಳು ಕೆಂಪಿಗೆ 0.77, ಹಸಿರಿಗೆ 0.59, ನೀಲಿಗೆ 2.08 ಎಂದು ಬರುತ್ತವೆ. ನೀಲಿಯ ಅಂಕಿಯನ್ನು ನೋಡಿ. ಮೊದಲೇ ತೀರ ಕಡಿಮೆಯಿದ್ದ ಚಾನೆಲ್ ಅನ್ನು ಎರಡರಷ್ಟು ಹಿಗ್ಗಿಸಿದಾಗ ಅದರೊಳಗಿನ ಕಾಳುಕಾಳಾದ ಕಲೆಗಳೂ ಹಿಗ್ಗಿ, ನೆರಳಿನ ಭಾಗದಲ್ಲಿ ನೇರಳೆ ಮಚ್ಚೆಗಳು ಏಳುತ್ತವೆ. ಇಂಥ ಚಿತ್ರವನ್ನು ತಿದ್ದಲು ಹೋಗುವುದಕ್ಕಿಂತ ಬಿಳಿ ಬೆಳಕಿನಲ್ಲಿ ಮತ್ತೆ ರಚಿಸುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅದೇ, #7E2330 ಬಂದಿದ್ದರೆ ಗುಣಕಗಳು 0.93, 0.82, 0.82, ಈ ತಿದ್ದುಪಡಿ ಎಲ್ಲೂ ಕುರುಹು ಬಿಡುವುದಿಲ್ಲ. ಯಾವ ಗುಣಕವೂ 0.7ಕ್ಕಿಂತ ಕೆಳಗೆ ಅಥವಾ 1.4ಕ್ಕಿಂತ ಮೇಲೆ ಹೋಗದಂತೆ ನಾನು ನೋಡಿಕೊಳ್ಳುತ್ತೇನೆ.

ಹೊಳಪಿನ ಗೆರೆಗಳನ್ನು ಮಾತ್ರ ಈ ಗುಣಾಕಾರದಿಂದ ಹೊರಗಿಡಬೇಕು. ಪ್ಲಾಸ್ಟಿಕ್ ಪ್ಯಾಕೆಟ್‌ನ ಅಂಚಿನಲ್ಲಿ ಮಿನುಗುವ ಬಿಳಿ ಗೆರೆ ದೀಪದ ಪ್ರತಿಬಿಂಬವೇ ಹೊರತು ಮರೂನ್ ಅಲ್ಲ. ಅದನ್ನೂ ಗುಣಿಸಿದರೆ ಗೆರೆಗೆ ಬಣ್ಣ ಹತ್ತಿ, ಎಲ್ಲಿಯೂ ಇಲ್ಲದ ಬಣ್ಣದ ದೀಪವೊಂದು ಕೋಣೆಯಲ್ಲಿದ್ದಂತೆ ತೋರುತ್ತದೆ. ಹೆಚ್ಚು ಬೆಳಗಿದ ಭಾಗಗಳಲ್ಲಿ ಮಾಸ್ಕ್ ನಿಧಾನವಾಗಿ ಮಸುಕಾಗುವಂತೆ ಮಾಡಿ.

ಪ್ಯಾಕೆಟ್‌ನಲ್ಲಿ ಎರಡನೆಯ ಬಣ್ಣದ ಪಟ್ಟಿಯಿದ್ದರೆ ಅದಕ್ಕೆ ಬೇರೆಯೇ ಮಾಸ್ಕ್, ಬೇರೆಯೇ ಗುಣಕ ಬೇಕು. ಲೋಗೋ ಮತ್ತು ಅಕ್ಷರಗಳನ್ನಂತೂ ಮಾದರಿಯ ಕೈಗೆ ಕೊಡಲೇಬೇಡಿ. ಖಾಲಿ ಪ್ಯಾಕೆಟ್ ಬರಿಸಿಕೊಂಡು, ನಿಮ್ಮ ಮುದ್ರಣದ ಮೂಲ ಫೈಲ್‌ನಿಂದ ಲೋಗೋ ತೆಗೆದು, ಪ್ಯಾಕೆಟ್‌ನ ಬಾಗುವಿಕೆಗೆ ಹೊಂದಿಸಿ ಮೇಲಿಡಿ.

ಉಳಿಸುವಾಗ, ಅಂಕಿಗಳನ್ನು ಯಾವ ಬಣ್ಣಗಳಾಗಿ ಓದಬೇಕೆಂದು ಹೇಳುವ sRGB ಪ್ರೊಫೈಲ್ ಅನ್ನು ಫೈಲ್‌ನೊಳಗೇ ಸೇರಿಸಿ. ವಿಶಾಲವಾದ ಪ್ರೊಫೈಲ್‌ನಲ್ಲಿ ಉಳಿಸಿದ ಚಿತ್ರದ ಪ್ರೊಫೈಲ್ ಅನ್ನು ಅಪ್‌ಲೋಡ್ ಆಗುವಾಗ ಜಾಲತಾಣ ಕಿತ್ತುಹಾಕಿದರೆ, ಅಷ್ಟು ಶ್ರಮದಿಂದ ತಿದ್ದಿದ ಮರೂನ್ ಮತ್ತೆ ಪೇಲವವಾಗಿ ಕಾಣುತ್ತದೆ. ಪ್ರಕಟಿಸುವ ಮೊದಲು, ಅಪ್‌ಲೋಡ್ ಆದ ಚಿತ್ರಗಳನ್ನೇ ಮತ್ತೆ ಇಳಿಸಿಕೊಂಡು, ನಲವತ್ತರಿಂದಲೂ ಪ್ಯಾಕೆಟ್ ಮುಖದ ಒಂದೊಂದು ಚೌಕವನ್ನು ಕತ್ತರಿಸಿ, ಒಂದೇ ಹಾಳೆಯಲ್ಲಿ ಒತ್ತೊತ್ತಾಗಿ ಜೋಡಿಸಿ ನೋಡಿ. ಬೇರೆ ಬೇರೆ ಚಿತ್ರಗಳಲ್ಲಿ ಅಡಗಿಕೊಳ್ಳುವ ವ್ಯತ್ಯಾಸ ಚೌಕಗಳ ನಡುವಿನ ಗೆರೆಯಲ್ಲಿ ತಕ್ಷಣ ಕಾಣಿಸುತ್ತದೆ; ಆ ಒಂದೆರಡನ್ನು ಮಾತ್ರ ಮತ್ತೆ ಅಳೆದರೆ ಸಾಕು.