ರಿಕ್ರೂಟರ್ ಸುಮ್ಮನಾದಾಗ ಇನ್ನೊಬ್ಬರಿಗೆ ಬರೆಯುವ ಮೇಲ್

"ಎರಡನೇ ರೌಂಡ್ ಮುಗಿದು 15 ದಿನ ಆಯ್ತು. ರಿಕ್ರೂಟರ್‌ಗೆ ಎರಡು ಮೇಲ್ ಹಾಕಿದೆ, ಸದ್ದೇ ಇಲ್ಲ. ಅಲ್ಲೇ ಬೇರೆಯವರಿಗೆ ಬರೆದರೆ ತಪ್ಪಾಗುತ್ತಾ?"

ತಪ್ಪೇನಿಲ್ಲ, ಬರೆಯಿರಿ. ಆದರೆ ಯಾರಿಗೆ ಅನ್ನೋದು ಮುಖ್ಯ. ನಿಮ್ಮ ಇಂಟರ್‌ವ್ಯೂ ಮಾಡಿದ ಮ್ಯಾನೇಜರ್‌ಗೇ ಬರೆಯುವುದು ನನ್ನ ಪ್ರಕಾರ ಸರಿ, ಯಾಕಂದ್ರೆ ಅವರಿಗೆ ನಿಮ್ಮ ಮುಖ ನೆನಪಿರುತ್ತದೆ, ಆ ಹುದ್ದೆ ಇನ್ನೂ ಖಾಲಿ ಇದೆಯಾ ಅನ್ನೋದೂ ಗೊತ್ತಿರುತ್ತದೆ. ಅವರ ವಿಳಾಸ ಇಂಟರ್‌ವ್ಯೂ ಕ್ಯಾಲೆಂಡರ್ ಇನ್ವೈಟ್‌ನಲ್ಲೇ ಇರಬಹುದು, ನೋಡಿ.

ಹಳೇ ಮೇಲ್ ಫಾರ್ವರ್ಡ್ ಮಾಡಬೇಡಿ. ಉತ್ತರ ಸಿಗದ ಎರಡು ಮೇಲ್ ಕೆಳಗೆ ನೇತಾಡುತ್ತಿದ್ದರೆ ಅದು ಚಾಡಿ ಹೇಳಿದ ಹಾಗೆ ಕಾಣುತ್ತದೆ. ಹೊಸದಾಗಿ ಬರೆಯಿರಿ, ಸಬ್ಜೆಕ್ಟ್‌ನಲ್ಲಿ ಹುದ್ದೆಯ ಹೆಸರು ಮತ್ತು ಜಾಬ್ ಐಡಿ ಹಾಕಿ. ಒಳಗೆ ಇಷ್ಟು ಸಾಕು:

"ನಮಸ್ತೆ, ಇದೇ 4ರಂದು ಈ ಹುದ್ದೆಗೆ ನಿಮ್ಮ ಜೊತೆ ಎರಡನೇ ರೌಂಡ್ ಮಾತಾಡಿದ್ದೆ. ರಿಕ್ರೂಟರ್ ಬೇರೆ ಕೆಲಸದಲ್ಲಿರಬಹುದು, ಅದಕ್ಕೆ ನೇರ ನಿಮಗೆ ಬರೆಯುತ್ತಿದ್ದೇನೆ. ನನ್ನ ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆಯೇ? ಈ ಬಗ್ಗೆ ಯಾರನ್ನು ಕೇಳಬೇಕು ಅಂತ ತಿಳಿಸಿದರೂ ಸಾಕು."

ಆ ಕೊನೆಯ ಸಾಲು ಬಿಡಬೇಡಿ. ಫಲಿತಾಂಶ ಹೇಳೋದಕ್ಕೆ ಅವರಿಗೆ ಅನುಮತಿ ಇಲ್ಲದಿರಬಹುದು, ಆದರೆ ಒಂದು ಹೆಸರು ಕೊಡೋದು ಸುಲಭ ಅಲ್ವಾ. ನಾನು ಒಮ್ಮೆ ಹೀಗೆ ಬರೆದಾಗ ಗೊತ್ತಾಯ್ತು, ರಿಕ್ರೂಟರ್ ಕೆಲಸವನ್ನೇ ಬಿಟ್ಟಿದ್ದರು, ನನ್ನ ಫೈಲ್ ಯಾರ ಕೈಗೂ ಹೋಗಿರಲಿಲ್ಲ.

ಆದರೆ ಒಂದೇ ದಿನ ಮೂರು ಜನಕ್ಕೆ ಕಳಿಸಬೇಡಿ, ಅವರು ಒಳಗೆ ಮಾತಾಡಿಕೊಳ್ಳುತ್ತಾರೆ. ಒಬ್ಬರಿಗೆ ಹಾಕಿ, ಒಂದು ವಾರ ಕಾಯಿರಿ. ಅಲ್ಲೂ ಉತ್ತರ ಬರದಿದ್ದರೆ ಆಗಲಿಲ್ಲ ಅಂತಲೇ ಲೆಕ್ಕ.