ಟಿಎನ್, ಟಿಟಿ, ಐಟಿ ಅರ್ಥಿಂಗ್: ಫೇಸ್ ತಂತಿ ಉಪಕರಣದ ಲೋಹದ ಬಾಡಿಗೆ ತಾಗಿದಾಗ ಏನಾಗುತ್ತೆ?

ಪ್ರಶ್ನೆ: ಮೂರು ಬಗೆಯ ಅರ್ಥಿಂಗ್‌ನಲ್ಲಿ ಫಾಲ್ಟ್ ಹೇಗೆ ಕಟ್ ಆಗುತ್ತೆ?

ಟಿಎನ್‌ನಲ್ಲಿ ಕರೆಂಟ್ ಮಿತಿಮೀರಿದರೆ ಬೀಳುವ ಬ್ರೇಕರ್ ಎಂಸಿಬಿ ಕಟ್ ಮಾಡುತ್ತದೆ, ಟಿಟಿಯಲ್ಲಿ ಲೀಕೇಜ್ ಹಿಡಿಯುವ ಆರ್‌ಸಿಸಿಬಿ ಬೇಕೇ ಬೇಕು, ಐಟಿಯಲ್ಲಿ ಮೊದಲ ಫಾಲ್ಟ್‌ಗೆ ಏನೂ ಕಟ್ ಆಗುವುದಿಲ್ಲ. ಫಾಲ್ಟ್ ಕರೆಂಟ್ ಟ್ರಾನ್ಸ್‌ಫಾರ್ಮರ್‌ಗೆ ಯಾವ ದಾರಿಯಲ್ಲಿ ವಾಪಸ್ ಹೋಗುತ್ತದೆ ಅನ್ನೋದೇ ವ್ಯತ್ಯಾಸ.

ಗೀಸರ್ ಒಳಗೆ ಫೇಸ್ ಬಾಡಿಗೆ ತಾಗಿತು ಅಂದುಕೊಳ್ಳಿ. ಎಂಸಿಬಿ 16 ಆಂಪಿಯರಿನದು, ಸಿ ಟೈಪ್. ಟಿಎನ್‌ನಲ್ಲಿ ವಾಪಸ್ ದಾರಿ ಪೂರ್ತಿ ತಂತಿಯೇ. ಒಟ್ಟು ರೆಸಿಸ್ಟೆನ್ಸ್ ಅರ್ಧ ಓಮ್ ಇದ್ದರೆ 230 ವೋಲ್ಟ್‌ಗೆ 460 ಆಂಪಿಯರ್ ಹರಿಯುತ್ತದೆ. ಎಂಸಿಬಿ ತಕ್ಷಣ ಬೀಳುತ್ತದೆ.

ಟಿಟಿಯಲ್ಲಿ ಕರೆಂಟ್ ಮಣ್ಣಿನ ಮೂಲಕ ಹೋಗಬೇಕು. ಮನೆಯ ಅರ್ಥ್ ಪಿಟ್ 20 ಓಮ್, ಟ್ರಾನ್ಸ್‌ಫಾರ್ಮರಿನದು 2 ಓಮ್ ಅಂದರೆ ಬರುವುದು ಬರೀ 10 ಆಂಪಿಯರ್ ಚಿಲ್ಲರೆ. ಎಂಸಿಬಿಗೆ ಅದು ಮಾಮೂಲಿ ಲೋಡ್! ಅಷ್ಟೊತ್ತೂ ಗೀಸರ್ ಬಾಡಿಯಲ್ಲಿ ಸುಮಾರು 209 ವೋಲ್ಟ್ ನಿಂತಿರುತ್ತದೆ. 'ಅರ್ಥಿಂಗ್ ಇದೆಯಲ್ಲ' ಅಂತ ಸುಮ್ನಿರುವವರು ಇದನ್ನೇ ಮರೆಯುತ್ತಾರೆ. ಫೇಸ್‌ನಲ್ಲಿ ಹೋದದ್ದು ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಆರ್‌ಸಿಸಿಬಿ ನೋಡುತ್ತದೆ. 30 ಮಿಲಿ ಆಂಪಿಯರ್ ಕಮ್ಮಿಯಾದರೂ ಸಾಕು, ಕಟ್.

ಐಟಿಯಲ್ಲಿ ನ್ಯೂಟ್ರಲ್‌ಗೆ ಅರ್ಥ್ ಕೊಟ್ಟಿರುವುದೇ ಇಲ್ಲ, ಹಾಗಾಗಿ ಮೊದಲ ಫಾಲ್ಟ್‌ಗೆ ಹೆಚ್ಚು ಕರೆಂಟ್ ಹರಿಯುವುದಿಲ್ಲ. ಇನ್ಸುಲೇಷನ್ ಮಾನಿಟರ್ ಅಲಾರಂ ಕೊಡುತ್ತದೆ, ಇದನ್ನು ಬಳಸುವ ಆಪರೇಷನ್ ಥಿಯೇಟರ್‌ನಲ್ಲಿ ಕೆಲಸ ನಿಲ್ಲುವುದಿಲ್ಲ. ಅದನ್ನು ಸರಿಮಾಡುವ ಮೊದಲೇ ಇನ್ನೊಂದು ತಂತಿಯಲ್ಲೂ ಫಾಲ್ಟ್ ಬಂದರೆ ಆಗ ಬ್ರೇಕರ್ ಬೀಳುತ್ತದೆ.