ಪೋಡಿಗೆಂದು ಬರೆಸಿದ ಅಧಿಕಾರ ಪತ್ರದ ಕರಡಿನಲ್ಲಿ ಏನನ್ನು ತಿದ್ದಬೇಕು?

ಪ್ರಶ್ನೆ: ಸಕಲೇಶಪುರದ ಬಳಿ 4 ಎಕರೆ 20 ಗುಂಟೆ ಕಾಫಿ ತೋಟ ನಮ್ಮ ಮೂವರ ಜಂಟಿ ಖಾತೆಯಲ್ಲಿದೆ. ನನ್ನ ಪಾಲನ್ನು ಅಳತೆ ಮಾಡಿಸಿ ಬೇರ್ಪಡಿಸಲು, ಅಂದರೆ ಪೋಡಿ ಮಾಡಿಸಲು, ತಮ್ಮನಿಗೆ ಪವರ್ ಆಫ್ ಅಟಾರ್ನಿ ಕೊಡುತ್ತಿದ್ದೇನೆ. ಕರಡಿನಲ್ಲಿ ಹೀಗಿದೆ: “ಸದರಿ ಸ್ವತ್ತಿನ ಪೋಡಿ ಮಾಡಿಸಲು, ಖಾತೆಯನ್ನು ತಮ್ಮ ಹೆಸರಿಗೆ ಮಾಡಿಸಲು, ಸದರಿ ಸ್ವತ್ತಿಗೆ ಸಂಬಂಧಿಸಿದ್ದನ್ನು ವಿಲೇವಾರಿ ಮಾಡಲು ಅಧಿಕಾರ ನೀಡಿದ್ದು, ಅವರು ಮಾಡುವ ಎಲ್ಲಾ ಕೆಲಸಗಳನ್ನು ನಾನೇ ಮಾಡಿದಂತೆ ಒಪ್ಪಿರುತ್ತೇನೆ.” ಇದು ಸರಿಯಿದೆಯೇ?

ಉತ್ತರ: ಸರಿಯಿಲ್ಲ, ಈ ಒಂದು ವಾಕ್ಯ ನೀವು ಕೊಡಬೇಕೆಂದಿರುವುದಕ್ಕಿಂತ ಹೆಚ್ಚಿನದನ್ನು ಕೊಡುವಂತೆ ಓದಿಸಿಕೊಳ್ಳುತ್ತದೆ. ಹಾಸನದಲ್ಲಿ ವಕೀಲರೊಬ್ಬರ ಬಳಿ ಹಲವು ವರ್ಷ ಇಂಥ ಕರಡುಗಳನ್ನು ಓದಿ ತಿದ್ದಿದ್ದೇನೆ. ನನ್ನ ಕ್ರಮವೆಂದರೆ, ಮೊದಲು ‘ಮಾಡಿಸಲು’, ‘ಸಲ್ಲಿಸಲು’ ಎಂದು ಮುಗಿಯುವ ಪ್ರತಿಯೊಂದು ಕ್ರಿಯಾಪದದ ಕೆಳಗೆ ಗೆರೆ ಎಳೆದು, ಯಾವುದನ್ನು, ಎಷ್ಟನ್ನು, ಯಾರ ಹೆಸರಿಗೆ ಎಂಬ ಮೂರು ಪ್ರಶ್ನೆಗಳಿಗೆ ಆ ವಾಕ್ಯದೊಳಗೇ ಉತ್ತರವಿದೆಯೇ ಎಂದು ನೋಡುವುದು.

ನಿಮ್ಮ ಕರಡಿನಲ್ಲಿ ಅತ್ಯಂತ ಅಪಾಯದ ಪದ ‘ವಿಲೇವಾರಿ’. ಅರ್ಜಿಯ ವಿಲೇವಾರಿ ಎಂದರೆ ಅದನ್ನು ಇತ್ಯರ್ಥಪಡಿಸುವುದು; ಸ್ವತ್ತಿನ ವಿಲೇವಾರಿ ಎಂದರೆ ಅದನ್ನು ಕೈದಾಟಿಸುವುದು. ಬರೆದವರ ಮನಸ್ಸಿನಲ್ಲಿ ಮೊದಲನೆಯ ಅರ್ಥವೇ ಇದ್ದಿರಬಹುದು, ಆದರೆ ‘ಸದರಿ ಸ್ವತ್ತಿಗೆ’ ಎಂಬ ಮಾತಿನ ಬೆನ್ನಲ್ಲೇ ಬಂದಿರುವುದರಿಂದ ಎರಡನೆಯದಕ್ಕೂ ಬಾಗಿಲು ತೆರೆದಿದೆ. ನ್ಯಾಯಾಲಯಗಳು ಅಧಿಕಾರ ಪತ್ರವನ್ನು ಬಿಗಿಯಾಗಿಯೇ ಓದುತ್ತವೆ, ಮತ್ತು ಸ್ಪಷ್ಟವಾಗಿ ಬರೆಯದ ಮಾರಾಟದ ಅಧಿಕಾರವನ್ನು ಊಹಿಸಿಕೊಳ್ಳಲಾಗದು ಎಂದು ಸುಪ್ರೀಂ ಕೋರ್ಟ್ 2022ರ ಒಂದು ತೀರ್ಪಿನಲ್ಲಿಯೂ ಹೇಳಿದೆ. ಹಾಗೆಂದು ವರ್ಷಗಟ್ಟಲೆ ವ್ಯಾಜ್ಯ ನಡೆಸಿ ಆ ರಕ್ಷಣೆಯನ್ನು ಪಡೆಯುವುದಕ್ಕಿಂತ ಆ ಪದವನ್ನು ಈಗಲೇ ತೆಗೆದುಹಾಕಿ, ‘ಕ್ರಯ, ದಾನ, ಅಡಮಾನ, ಭೋಗ್ಯ ಅಥವಾ ಬೇರಾವುದೇ ರೀತಿಯ ಪರಭಾರೆ ಮಾಡುವ ಅಧಿಕಾರ ಈ ಪತ್ರದಲ್ಲಿ ಇರುವುದಿಲ್ಲ’ ಎಂದು ಬರೆಸುವುದು ಒಳ್ಳೆಯದು.

ಎರಡನೆಯದು ಸರ್ವನಾಮಗಳ ಗೊಂದಲ. ಕನ್ನಡದಲ್ಲಿ ‘ತಮ್ಮ’ ಎಂಬುದು ಒಡಹುಟ್ಟಿದ ಕಿರಿಯನೂ ಹೌದು, ‘ತಮ್ಮದೇ’ ಎಂಬ ಅರ್ಥದ ಸರ್ವನಾಮವೂ ಹೌದು, ಎದುರಿಗಿರುವವರನ್ನು ಗೌರವದಿಂದ ಕರೆಯುವ ‘ನಿಮ್ಮ’ ಎಂಬುದಕ್ಕೆ ಬದಲಾಗಿಯೂ ಬರುತ್ತದೆ. ಅಧಿಕಾರ ಪಡೆಯುವವರು ನಿಮ್ಮ ತಮ್ಮನೇ ಆಗಿರುವಾಗ ‘ಖಾತೆಯನ್ನು ತಮ್ಮ ಹೆಸರಿಗೆ ಮಾಡಿಸಲು’ ಎಂಬ ಮಾತನ್ನು ಈ ಮೂರರಲ್ಲಿ ಯಾವ ರೀತಿ ಓದಿದರೂ ಖಾತೆ ಅವರ ಹೆಸರಿಗೇ ಹೋಗುತ್ತದೆ. ನಿಮ್ಮ ಹೆಸರಿಗೆ ಎಂಬ ಅರ್ಥ ಮಾತ್ರ ಎಲ್ಲಿಯೂ ಹೊರಡುವುದಿಲ್ಲ. ಪತ್ರದ ಆರಂಭದಲ್ಲಿ ನಿಮ್ಮನ್ನು ‘ಅಧಿಕಾರ ನೀಡಿದವರು’ ಎಂದೂ ಅವರನ್ನು ‘ಅಧಿಕಾರ ಪಡೆದವರು’ ಎಂದೂ ಹೆಸರಿಸಿ, ಮುಂದೆ ‘ಅವರು’, ‘ತಾವು’, ‘ಸದರಿಯವರು’ ಇದ್ದೆಡೆಯಲ್ಲೆಲ್ಲ ಆ ಹೆಸರುಗಳನ್ನೇ ಹಾಕಿಸಿ. ಓದಲು ತುಸು ಒರಟೆನಿಸಿದರೂ ಪತ್ರದಲ್ಲಿ ಆ ಒರಟುತನವೇ ಬೇಕಾದುದು.

ಮರುಕಳಿಸುವ ಮಾತುಗಳಲ್ಲಿ ಎಲ್ಲವನ್ನೂ ಕತ್ತರಿಸಬೇಕಾಗಿಲ್ಲ. ಒಂದೇ ವಸ್ತುವಿಗೆ ಒಂದೇ ಹೆಸರು ಹತ್ತು ಸಲ ಬಂದರೂ ತೊಂದರೆಯಿಲ್ಲ. ಒಂದೇ ಹೆಸರು ಒಂದೊಂದು ಕಡೆ ಒಂದೊಂದು ವಿಸ್ತೀರ್ಣವನ್ನು ಸೂಚಿಸಿದಾಗ ತೊಂದರೆ. ಮೂವರದೂ ಸಮಪಾಲಾದರೆ ನಿಮ್ಮದು 1 ಎಕರೆ 20 ಗುಂಟೆ. ‘ಸದರಿ ಸ್ವತ್ತು’ ಎಂದರೆ ಅದೇ, ಅಥವಾ ಷೆಡ್ಯೂಲಿನಲ್ಲಿ ಬರುವ ಪೂರ್ತಿ 4 ಎಕರೆ 20 ಗುಂಟೆಯೇ? ಷೆಡ್ಯೂಲಿನಲ್ಲಿ ಇಡೀ ಸರ್ವೆ ನಂಬರನ್ನು ಚಕ್ಕುಬಂದಿ ಸಹಿತ ಬರೆದು, ಅದರ ಕೆಳಗೆ ‘ಇದರಲ್ಲಿ ಅಧಿಕಾರ ನೀಡಿದವರ ಪಾಲಾದ 1 ಎಕರೆ 20 ಗುಂಟೆ, ಇದನ್ನು ಮುಂದೆ ಷೆಡ್ಯೂಲ್ ಸ್ವತ್ತು ಎಂದು ಕರೆಯಲಾಗಿದೆ’ ಎಂದು ಸೇರಿಸಿ. ಅನಂತರ ‘ಸದರಿ ಸ್ವತ್ತು’, ‘ಮೇಲ್ಕಂಡ ಆಸ್ತಿ’, ‘ಸದರಿ ಜಮೀನು’ ಎಂದಿರುವ ಕಡೆಯಲ್ಲೆಲ್ಲ ಈ ಒಂದೇ ಹೆಸರು ಬರಲಿ.

ಇಷ್ಟಾದ ಮೇಲೆ ಆ ವಾಕ್ಯ ಹೀಗಾಗುತ್ತದೆ: “ಷೆಡ್ಯೂಲ್ ಸ್ವತ್ತಿನ ಪೋಡಿಗಾಗಿ ಸಂಬಂಧಪಟ್ಟ ಕಚೇರಿಗಳಿಗೆ ಅರ್ಜಿ ಸಲ್ಲಿಸಲು, ಶುಲ್ಕ ಪಾವತಿಸಲು, ನೋಟಿಸು ಸ್ವೀಕರಿಸಲು, ಅಳತೆಯ ಸಮಯದಲ್ಲಿ ಹಾಜರಿದ್ದು ಹೇಳಿಕೆ ನೀಡಿ ಸಹಿ ಮಾಡಲು, ಹಾಗೂ ಖಾತೆಯನ್ನು ಅಧಿಕಾರ ನೀಡಿದವರ ಹೆಸರಿಗೆ ಮಾಡಿಸಲು ಮಾತ್ರ ಅಧಿಕಾರ ಪಡೆದವರಿಗೆ ಅಧಿಕಾರ ನೀಡಲಾಗಿದೆ. ಈ ಮಿತಿಯೊಳಗೆ ಅಧಿಕಾರ ಪಡೆದವರು ಮಾಡುವ ಕೆಲಸಗಳನ್ನು ಅಧಿಕಾರ ನೀಡಿದವರೇ ಮಾಡಿದಂತೆ ಒಪ್ಪಲಾಗಿದೆ.” ಕೊನೆಯ ವಾಕ್ಯದ ‘ಈ ಮಿತಿಯೊಳಗೆ’ ಎಂಬುದನ್ನು ಬಿಡಬೇಡಿ, ಅದಿಲ್ಲದಿದ್ದರೆ, ಮಿತಿ ಮೀರಿ ನಡೆದುದನ್ನೂ ನೀವು ಮುಂಚಿತವಾಗಿ ಒಪ್ಪಿದ್ದೀರಿ ಎಂದು ವಾದಿಸಲು ಆಸ್ಪದವಾಗುತ್ತದೆ.

ತಿದ್ದಿದ ಕರಡನ್ನು ನಿಮ್ಮ ವಕೀಲರಿಗೆ ಒಮ್ಮೆ ತೋರಿಸಿ, ಹೊಸದಾಗಿ ಟೈಪ್ ಮಾಡಿಸಿದ ಪ್ರತಿಗೇ ಸಹಿ ಹಾಕಿ. ನೋಂದಣಿಯ ದಿನ ಪೆನ್ನಿನಿಂದ ಏನಾದರೂ ತಿದ್ದಲೇಬೇಕಾಗಿ ಬಂದರೆ, ಅಂಥ ಪ್ರತಿಯೊಂದು ತಿದ್ದುಪಡಿಯ ಪಕ್ಕದಲ್ಲಿಯೂ ನಿಮ್ಮ ಸಹಿ ಅಥವಾ ಕಿರು ಸಹಿ ಇರಬೇಕು. ಇಲ್ಲವಾದರೆ ಸಬ್ ರಿಜಿಸ್ಟ್ರಾರ್ ಆ ಪತ್ರವನ್ನು ನೋಂದಣಿಗೆ ಸ್ವೀಕರಿಸಲು ನಿರಾಕರಿಸಬಹುದು.